ಸೋಯಾ ಹಾಲು ಕಾಫಿಯಾಗ ಯಾಕ ಒಡೀತದ?

ಹಾಲಿಲ್ಲದ ಕಾಫಿ, ಭಾಗ 3 ☕

ನಮ್ಮ ಅಕ್ಕಗ ಎಮ್ಮಿ ಹಾಲು, ಆಕಳ ಹಾಲು ಎರಡೂ ಆಗಿಬರಂಗಿಲ್ಲ, ಹೊಟ್ಟಿ ಉಬ್ಬರಿಸ್ತದ. ಆದ್ರ ಕಾಫಿ ಬಿಡಂಗಿಲ್ಲ. ಅದಕ್ಕ ಸಿಂಧನೂರಿಗೆ ಹೋದಾಗೆಲ್ಲ ಸೋಯಾ ಹಾಲಿನ ಪ್ಯಾಕೆಟ್ ಮಸ್ಕಿಗೆ ತರ್ತೀವಿ.

ಫ್ರಿಜ್‌ನಾಗಿನ ಆ ಹಾಲನ್ನ ಕುದಿಯೋ ಡಿಕಾಕ್ಷನ್‌ಗೆ ಸುರಿದು ನೋಡ್ರಿ. ಕ್ಷಣದಾಗ ಬಿಳಿ ಚೂರು ತೇಲ್ತಾವ. ವಾಸನಿ ಸರಿ ಇದ್ರ ಹಾಲು ಕೆಟ್ಟಿಲ್ಲ, ಕುಡಿದ್ರ ಏನೂ ಆಗಂಗಿಲ್ಲ. ಬಾಯಿಗೆ ರವಾ ಸಿಕ್ಕಂಗ ಆಗ್ತದ, ಅಷ್ಟೇ.

ಕಾರಣ ಹುಳಿ ಮತ್ತು ಬಿಸಿ. ಸೋಯಾ ಹಾಲಿನ ಪಿಎಚ್ ಸುಮಾರು 7, ಕಾಫಿದು ಸುಮಾರು 5. ಹಾಲಿನೊಳಗಿನ ಪ್ರೋಟೀನ್ ಕಣಗಳು ಒಂದನ್ನೊಂದು ದೂರ ತಳ್ಳಿಕೊಂಡು ತೇಲ್ತಿರ್ತಾವ. ಹುಳಿ ತಗುಲಿದ್ರ ಆ ತಳ್ಳೋ ಶಕ್ತಿ ಹೋಗ್ತದ, ಬಿಸಿ ಇದ್ರ ಬೇಗ ಅಂಟಿಕೊಳ್ತಾವ. ಬಿಸಿ ಹಾಲಿಗೆ ನಿಂಬೆಹಣ್ಣು ಹಿಂಡಿ ಪನೀರ್ ಮಾಡ್ತೀವಲ್ಲ, ಅದೇ ಆಟ.

ನಮ್ಮನ್ಯಾಗ ಹಿಂಗ ಮಾಡ್ತೀವಿ. ಪ್ಯಾಕೆಟ್ ಚೆನ್ನಾಗಿ ಅಲುಗಾಡಿಸಿ 120 ಮಿಲಿ ಹಾಲನ್ನ ಸಣ್ಣ ಉರಿಯಾಗ 60 ಡಿಗ್ರಿಯಷ್ಟು ಕಾಯಿಸ್ತೀವಿ, ಕುದಿಸಂಗಿಲ್ಲ. 40 ಮಿಲಿ ಡಿಕಾಕ್ಷನ್ ಎರಡು ನಿಮಿಷ ಆರಲಿ. ಆಮೇಲೆ ಡಿಕಾಕ್ಷನ್ನೇ ಹಾಲಿಗೆ ಸ್ವಲ್ಪ ಸ್ವಲ್ಪ ಹಾಕಿ ತಿರುವಬೇಕು. ಹಾಲನ್ನ ಡಿಕಾಕ್ಷನ್‌ಗೆ ಹಾಕಿದ್ರ ಮೊದಲ ಹನಿಗೆ ಪೂರ್ತಿ ಹುಳಿ, ಪೂರ್ತಿ ಬಿಸಿ ಒಮ್ಮೆಲೇ ಬಡೀತದ. ಉಲ್ಟಾ ಮಾಡಿದ್ರ ಹುಳಿ ನಿಧಾನಕ್ಕ ಏರ್ತದ.

ಆದ್ರೂ ಒಡೆದ್ರ ಕಾಫಿಪುಡಿ ನೋಡ್ರಿ. ಹದವಾಗಿ ಹುರಿದದ್ದಕ್ಕಿಂತ ಕಪ್ಪಗೆ ಹುರಿದದ್ದರಲ್ಲಿ ಹುಳಿ ಕಮ್ಮಿ. ಇಲ್ಲಾಂದ್ರ ಮಿರ್ಚಿ ಭಜಿಗೆ ಹಾಕೋ ಸೋಡಾಪುಡಿ, ಒಂದು ಸಣ್ಣ ಚಿಟಿಕಿ, ಹಾಲಿಗೆ ಮೊದಲೇ ಹಾಕ್ರಿ. ಹೆಚ್ಚಾದ್ರ ಸಾಬೂನಿನ ರುಚಿ! ‘ಬರಿಸ್ತಾ’ ಅಂತ ಬರೆದಿರೋ ಬಹಳಷ್ಟು ಪ್ಯಾಕೆಟ್‌ನಾಗ ಇದೇ ಕೆಲಸಕ್ಕ ಡೈಪೊಟ್ಯಾಸಿಯಂ ಫಾಸ್ಫೇಟ್ ಇರ್ತದ.

ಬಾದಾಮಿ ಹಾಲೂ ಹಿಂಗೇ ಒಡೀತದ, ನೀರಾಗಿರೋದ್ರಿಂದ ನೊರೆನೂ ಬೇಗ ಇಳೀತದ. ಓಟ್ಸ್ ಹಾಲು ಅಷ್ಟು ಸುಲಭಕ್ಕ ಒಡೆಯಂಗಿಲ್ಲ, ಪ್ರೋಟೀನೇ ಕಮ್ಮಿ. ಆದ್ರ ಮನ್ಯಾಗ ರುಬ್ಬಿ ಸೋಸಿದ್ದನ್ನ ಕಾಯಿಸಿದ್ರ ಪಿಷ್ಟ ಉಬ್ಬಿ ಗಂಜಿ ಆಗ್ತದ. ಕಾಫಿಗೆ ಪ್ಯಾಕೆಟ್ಟಿಂದೇ ವಾಸಿ.

ಲಿಂಗಸುಗೂರಿನ ಗೆಳೆಯರು ಮಷಿನ್ ಬಗ್ಗೆ ಕೇಳಿದ್ರಿ. ಹಾಲು ತಣ್ಣಗಿರಲಿ. ಮೊದಲು ಸ್ಟೀಮ್ ನಳಿಗಿಯಿಂದ ನೀರು ಹೊರಗ ಬಿಡ್ರಿ. ತುದಿಯನ್ನ ಹಾಲಿನ ಮೇಲ್ಮೈಗೇ ಇಟ್ಟು ಎರಡು-ಮೂರು ಸೆಕೆಂಡ್ ‘ಚ್ಸ್’ ಅನ್ನಿಸ್ರಿ, ನಂತರ ಸ್ವಲ್ಪ ಒಳಗಿಳಿಸಿ ಹಾಲು ಸುಳಿ ತಿರುಗುವಂಗ ಹಿಡೀರಿ. ಜಗ್ ಅಂಗೈಗೆ ಸುಡಾಕ ಶುರುವಾದ ಕೂಡಲೇ ನಿಲ್ಲಿಸ್ರಿ, ಅದು 55–60 ಡಿಗ್ರಿ. ಆಕಳ ಹಾಲಿನಷ್ಟು ಬಿಸಿ ಇದು ತಾಳಂಗಿಲ್ಲ. ಮಷಿನ್ ಇಲ್ಲದವರು ಬಿಸಿ ಹಾಲನ್ನ ಮುಚ್ಚಳ ಗಟ್ಟಿ ಇರೋ ಸ್ಟೀಲ್ ಡಬ್ಬ್ಯಾಗ ಅರ್ಧಕ್ಕಿಂತ ಕಮ್ಮಿ ತುಂಬಿ, ಬಟ್ಟಿ ಸುತ್ತಿ ಅಲುಗಾಡಿಸ್ರಿ. ಮುಚ್ಚಳ ತೆಗೆಯುವಾಗ ಮುಖ ದೂರ ಇರಲಿ.