ಎಲ್ಲರನ್ನೂ ನೂರರಿಂದ ಓಡಿಸಿದೆ, ಒಬ್ಬನ ನೂರೇ ತಪ್ಪಾಗಿತ್ತು

1/7
ಹೋದ ವಾರ ಇಲ್ಲಿ ಒಂದು ಚಾರ್ಟ್ ಹಾಕಿದ್ದೆ, ನೆನಪಿದೆಯಾ? ಕರ್ನಾಟಕ, ತಮಿಳುನಾಡು, ಕೇರಳ, ಬಿಹಾರ, ನಾಲ್ಕು ರಾಜ್ಯಗಳ ಜನಸಂಖ್ಯೆ. ಅದನ್ನ ಡಿಲೀಟ್ ಮಾಡಿದ್ದೀನಿ. ಚಾರ್ಟ್ ತಪ್ಪಾಗಿತ್ತು.

ಕ್ಲಾಸಿನವರಿಗೆ ಗೊತ್ತು, ಅದೇ ಚಾರ್ಟ್ ತೋರಿಸಿ ನಾನು ಚರ್ಚಾಸ್ಪರ್ಧೆ ಗೆದ್ದಿದ್ದು. ವಿಷಯ ಲೋಕಸಭೆ ಕ್ಷೇತ್ರಗಳ ಮರುವಿಂಗಡಣೆ. ಯಾವ ರಾಜ್ಯಕ್ಕೆ ಎಷ್ಟು ಸೀಟು ಅನ್ನೋದು 1971ರ ಜನಗಣತಿಯ ಲೆಕ್ಕ. 1976ರ 42ನೇ ತಿದ್ದುಪಡಿ ಆ ಸಂಖ್ಯೆಯನ್ನ ಅಲ್ಲಿಗೇ ನಿಲ್ಲಿಸಿತು. ಆಮೇಲೆ 84ನೇ ತಿದ್ದುಪಡಿ ಅದನ್ನೇ 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ಹೊಸ ಜನಸಂಖ್ಯೆ ಪ್ರಕಾರ ಸೀಟು ಹಂಚಿದರೆ ನಮಗೇನೂ ನಷ್ಟ ಇಲ್ಲ ಅಂತ ವಾದ ಮಾಡೋ ಪಾಳಿ ನಂದು. "ನೋಡಿ, 1971ರಿಂದ ಬಿಹಾರಕ್ಕಿಂತ ಕರ್ನಾಟಕವೇ ಹೆಚ್ಚು ಬೆಳೆದಿದೆ" ಅಂದೆ. ಚಪ್ಪಾಳೆ ಬಿತ್ತು. ಬಹುಮಾನವಾಗಿ ಒಂದು ಪುಸ್ತಕವೂ ಬಂತು.

ನಾನು ಹೇಳಿದ್ದು ಸುಳ್ಳು. ಬೇಕಂತ ಹೇಳಿದ್ದಲ್ಲ. ಆದರೆ ಆ ಚಾರ್ಟ್ ಈಗ ನಮ್ಮ ಮಾವನ ಫ್ಯಾಮಿಲಿ ಗ್ರೂಪಿನವರೆಗೂ ಹೋಗಿದೆ. ಅದಕ್ಕೇ ಎಲ್ಲಿ ಎಡವಿದೆ ಅಂತ ಮೊದಲಿಂದ ಹೇಳ್ತೀನಿ.

2/7
ಮೊದಲು, ನೂರು ಯಾಕೆ ಬೇಕಾಯ್ತು ಅಂತ.

ಜನಸಂಖ್ಯೆಯನ್ನ ಹಾಗೇ ಗೆರೆ ಎಳೆದು ನೋಡಿದೆ. 2011ರಲ್ಲಿ ಬಿಹಾರ 1041 ಲಕ್ಷ, ಕೇರಳ 334 ಲಕ್ಷ. ಬಿಹಾರದ ಗೆರೆ ಮೇಲೆಲ್ಲೋ ಇದೆ, ಕೇರಳದ್ದು ಕೆಳಗೆ ಮಲಗಿದ ಹಾಗಿದೆ. ಯಾರು ದೊಡ್ಡವರು ಅಂತ ಗೊತ್ತಾಗುತ್ತೆ, ಯಾರು ಎಷ್ಟು ವೇಗವಾಗಿ ಬೆಳೆದರು ಅಂತ ಗೊತ್ತಾಗಲ್ಲ. ದೊಡ್ಡ ರಾಜ್ಯಕ್ಕೆ ಹತ್ತು ಲಕ್ಷ ಜನ ಸೇರೋದು ಸಣ್ಣ ಮಾತು, ಸಣ್ಣ ರಾಜ್ಯಕ್ಕೆ ಅದೇ ದೊಡ್ಡ ಮಾತು.

ಅದಕ್ಕೆ ಒಂದು ವರ್ಷ ಆರಿಸ್ಕೊಂಡು, ಆ ವರ್ಷ ಎಲ್ಲರಿಗೂ 100 ಅಂತ ಇಟ್ಟುಬಿಡೋದು. ಅದು ಆಧಾರ ವರ್ಷ. ಆಮೇಲೆ ಪ್ರತಿ ವರ್ಷದ ಸಂಖ್ಯೆಯನ್ನ ಆಧಾರ ವರ್ಷದ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸೋದು. ಬರೋದೇ ಸೂಚ್ಯಂಕ.

ಕರ್ನಾಟಕದ್ದು ಮಾಡಿ ನೋಡೋಣ. 1971ರಲ್ಲಿ 293 ಲಕ್ಷ, 2011ರಲ್ಲಿ 611 ಲಕ್ಷ. 611ನ್ನು 293ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 208.5. ಅಂದ್ರೆ 1971ರಲ್ಲಿ ನೂರು ಜನ ಇದ್ದ ಕಡೆ 2011ರಲ್ಲಿ ಇನ್ನೂರೆಂಟೂವರೆ ಜನ.

ಶೀಟ್‌ನಲ್ಲಿ ಮೊದಲ ಕಾಲಂ ವರ್ಷ, ಎರಡನೇದು ಕರ್ನಾಟಕ, 1971 ಎರಡನೇ ಸಾಲಿನಲ್ಲಿ ಇದೆ ಅಂದ್ಕೊಳ್ಳಿ. 1981ರ ಸೂಚ್ಯಂಕಕ್ಕೆ ಇಷ್ಟು ಸಾಕು:

```
=B3/B$2*100
```

ಆ `$` ಬಿಟ್ಟು ಕೆಳಗೆ ಎಳೆದರೆ ಪ್ರತಿ ದಶಕವೂ ತನ್ನ ಹಿಂದಿನ ದಶಕದಿಂದ ಭಾಗ ಆಗುತ್ತೆ. ಆಗ ಕರ್ನಾಟಕದ ಸಂಖ್ಯೆ ನಲವತ್ತು ವರ್ಷ ಕಳೆದರೂ 115, 120ರ ಆಸುಪಾಸಲ್ಲೇ ಸುತ್ತುತ್ತಾ ಇರುತ್ತೆ. ಹಾಗೆ ಕಂಡರೆ `$` ಬಿಟ್ಟಿದ್ದೀರಿ ಅಂತ ಅರ್ಥ. ಈ ತಪ್ಪು ನಾನು ಮಾಡಲಿಲ್ಲ. ನಂದು ಬೇರೆ.

3/7
1971ರ ಪಟ್ಟಿ ತೆಗೆದು 'ಕರ್ನಾಟಕ' ಅಂತ ಹುಡುಕಿದರೆ ಇಲ್ಲವೇ ಇಲ್ಲ! ಒಂದು ನಿಮಿಷ ಗಾಬರಿ ಆಯ್ತು. ಆಮೇಲೆ ಹೊಳೀತು, ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟಿದ್ದೇ 1973ರ ನವೆಂಬರ್ 1ಕ್ಕೆ. 1971ರ ಪಟ್ಟಿಯಲ್ಲಿ ನಾವಿನ್ನೂ 'ಮೈಸೂರು'. ಹೆಸರು ಬೇರೆ, ನೆಲ ಅದೇ. ಸಂಖ್ಯೆ ತೊಗೊಂಡೆ, ಭಾರಿ ಹುಷಾರಿ ನಾನು ಅಂದ್ಕೊಂಡೆ.

ಬಿಹಾರಕ್ಕೆ ಬಂದೆ. 1971ರ ಪಟ್ಟಿಯಲ್ಲಿ ಬಿಹಾರ, 2011ರ ಪಟ್ಟಿಯಲ್ಲೂ ಬಿಹಾರ. ಹೆಸರು ಒಂದೇ ಇದೆ, ಇನ್ನೇನು ನೋಡೋದು? 1971ರಲ್ಲಿ 563.5 ಲಕ್ಷ, 2011ರಲ್ಲಿ 1041 ಲಕ್ಷ. ಸೂಚ್ಯಂಕ 184.7. ಕರ್ನಾಟಕ 208.5, ಬಿಹಾರ 184.7. ಚಪ್ಪಾಳೆ ಬಿದ್ದಿದ್ದು ಇದಕ್ಕೇ.

ಸ್ಪರ್ಧೆ ಮುಗಿದ ಮೇಲೆ ಕ್ಯಾಂಟೀನಲ್ಲಿ ಎದುರು ಪಾಳಿಯ ಗೆಳತಿ ಬಂದು ಕೂತಳು.

"ಬಿಹಾರಕ್ಕೆ ಲೋಕಸಭೆಯಲ್ಲಿ ಸೀಟು ಎಷ್ಟೋ?"
"40."
"ಝಾರ್ಖಂಡ್‌ಗೆ?"
"14."
"1971ರಲ್ಲಿ ಝಾರ್ಖಂಡ್ ಎಲ್ಲಿತ್ತು?"

ಟೀ ಗಂಟಲಲ್ಲೇ ನಿಂತಿತು. ಝಾರ್ಖಂಡ್ ಬಿಹಾರದಿಂದ ಬೇರೆಯಾಗಿದ್ದು 2000ದ ನವೆಂಬರ್ 15ರಂದು. 1971ರ ಆ 563.5 ಲಕ್ಷದ ಒಳಗೆ ಝಾರ್ಖಂಡ್‌ನ 142 ಲಕ್ಷ ಜನವೂ ಇದ್ದರು. ನಾನು ದೊಡ್ಡ ಬಿಹಾರವನ್ನ 100 ಅಂತ ಇಟ್ಟು, ಸಣ್ಣ ಬಿಹಾರವನ್ನ ಅದರಿಂದ ಭಾಗಿಸಿದ್ದೆ.

4/7
ಸರಿ ಮಾಡೋಕೆ ಎರಡು ದಾರಿ. ಇವತ್ತಿನ ಬಿಹಾರದ ನೆಲದಲ್ಲಿ 1971ರಲ್ಲಿ ಎಷ್ಟು ಜನ ಇದ್ದರು ಅಂತ ತೊಗೊಳ್ಳೋದು ಒಂದು: 421 ಲಕ್ಷ. ಆಗ ಸೂಚ್ಯಂಕ 247.1. ಇಲ್ಲಾಂದ್ರೆ 2011ರ ಬಿಹಾರಕ್ಕೆ 2011ರ ಝಾರ್ಖಂಡ್‌ನ 330 ಲಕ್ಷ ಸೇರಿಸಿ, ಹಳೇ ದೊಡ್ಡ ಬಿಹಾರದ ಜೊತೆ ಹೋಲಿಸೋದು. ಆಗ ಸುಮಾರು 243. ಯಾವ ದಾರಿ ಹಿಡಿದರೂ ಕರ್ನಾಟಕದ 208.5ಕ್ಕಿಂತ ತುಂಬಾ ಮೇಲೆ. ನನ್ನ 184.7 ಮಾತ್ರ ಯಾವ ನೆಲಕ್ಕೂ ಸೇರದ ಸಂಖ್ಯೆ.

ಇದು ನನಗೇ ಗೊತ್ತಾಗಬಹುದಿತ್ತು, ಅದೇ ಬೇಜಾರು. ನಾನು 1971 ಮತ್ತು 2011, ಎರಡೇ ಚುಕ್ಕಿ ಇಟ್ಟು ಗೆರೆ ಎಳೆದಿದ್ದೆ. ಎರಡು ಚುಕ್ಕಿ ಇಟ್ಟರೆ ಎಂಥಾ ತಪ್ಪೂ ನೇರ ಗೆರೆಯಾಗಿಯೇ ಕಾಣುತ್ತೆ. ನಡುವಿನ ಜನಗಣತಿಗಳನ್ನೂ ಹಾಕಿದ್ದರೆ? ಬಿಹಾರ 1991ರಲ್ಲಿ 864 ಲಕ್ಷ, 2001ರಲ್ಲಿ 830 ಲಕ್ಷ. ಸೂಚ್ಯಂಕ 153ರಿಂದ 147ಕ್ಕೆ ಇಳಿಯುತ್ತೆ. ಯುದ್ಧ ಇಲ್ಲ, ಬರ ಇಲ್ಲ, ಹತ್ತು ವರ್ಷದಲ್ಲಿ 34 ಲಕ್ಷ ಜನ ಮಾಯ! ಹೀಗೆ ಗೆರೆ ಥಟ್ಟನೆ ಕುಸಿದರೆ ಅಥವಾ ಜಿಗಿದರೆ, ಮೊದಲು ಕೇಳಬೇಕಾದ್ದು 'ಅಲ್ಲಿ ಏನಾಯ್ತು' ಅಂತಲ್ಲ, 'ಅಳೆದದ್ದು ಅದೇ ವಸ್ತುವನ್ನಾ' ಅಂತ.

ಇಲ್ಲಿ ಇನ್ನೊಂದು ಮಾತು. ನಡುವಿನ ಯಾವುದೋ ಒಂದು ವರ್ಷದ ಸಂಖ್ಯೆ ತಪ್ಪಾದರೆ ಆ ಒಂದು ಚುಕ್ಕಿ ಮಾತ್ರ ತಪ್ಪು. ಆಧಾರ ವರ್ಷದ ಸಂಖ್ಯೆ ತಪ್ಪಾದರೆ ಎಲ್ಲವೂ ಅದರಿಂದಲೇ ಭಾಗ ಆಗೋದ್ರಿಂದ ಗೆರೆ ಪೂರ್ತಿ ತಪ್ಪು. ಆದರೆ ಚಾರ್ಟ್ ನೋಡಿದವರಿಗೆ ಆ ಜಾಗದಲ್ಲಿ ಕಾಣೋದು ಅಚ್ಚುಕಟ್ಟಾದ 100 ಮಾತ್ರ. ಅದಕ್ಕೇ ಚಾರ್ಟ್ ಕೆಳಗೆ '1971 = 100' ಅಂತ ಬರೆದರೆ ಸಾಲದು, ಆ ನೂರು ಅಂದ್ರೆ ಎಷ್ಟು ಲಕ್ಷ, ಯಾವ ಗಡಿಯೊಳಗಿನ ಲಕ್ಷ ಅಂತಲೂ ಬರೀಬೇಕು.

5/7
ಸರಿಪಡಿಸಿದ ಚಾರ್ಟ್ ಈ ಪೋಸ್ಟಿನಲ್ಲಿದೆ. 1971ರಲ್ಲಿ ಎಲ್ಲರೂ 100. 2011ಕ್ಕೆ ಬಿಹಾರ 247.1, ಕರ್ನಾಟಕ 208.5, ತಮಿಳುನಾಡು 175.1, ಕೇರಳ 156.5.

ಇದನ್ನ ನೋಡಿ ಗೆಳತಿ ಮತ್ತೆ ಕೇಳಿದಳು: "ಆಧಾರ ವರ್ಷ 2001 ಮಾಡಿದ್ರೆ?"

ಮಾಡಿದೆ. ಬಿಹಾರ 125.4, ಕೇರಳ 104.9. ಕರ್ನಾಟಕ 115.6, ತಮಿಳುನಾಡೂ 115.6! ಒಂದರಲ್ಲಿ ನಮಗೂ ಅವರಿಗೂ ಮೂವತ್ತಕ್ಕೂ ಹೆಚ್ಚು ಅಂಕದ ಅಂತರ, ಇನ್ನೊಂದರಲ್ಲಿ ಅಂತರವೇ ಇಲ್ಲ. ಎರಡೂ ಸರಿ. ಎರಡು ರಾಜ್ಯಗಳ ನಡುವಿನ ಅಂತರವೆಲ್ಲ 1971ರಿಂದ 2001ರ ಒಳಗೆ ಆದದ್ದು, ಕೊನೆಯ ಹತ್ತು ವರ್ಷ ಇಬ್ಬರೂ ಒಂದೇ ವೇಗದಲ್ಲಿ ನಡೆದಿದ್ದಾರೆ. ಆಧಾರ ವರ್ಷ ಬದಲಾಯಿಸಿದರೆ ಸಂಖ್ಯೆಗಳೇನೂ ಬದಲಾಗಲ್ಲ, ಓಟ ಎಲ್ಲಿಂದ ಶುರು ಅನ್ನೋದು ಬದಲಾಗುತ್ತೆ.

ಹಾಗಾದ್ರೆ ಬೇಕಾದ ಉತ್ತರ ಬರೋ ವರ್ಷ ಆರಿಸ್ಕೋಬಹುದಾ? ಆರಿಸ್ಕೊಳ್ಳೋರು ಇದ್ದಾರೆ. ಅದಕ್ಕೇ ವರ್ಷಕ್ಕೊಂದು ಕಾರಣ ಹೇಳಬೇಕು. ನಮ್ಮ ವಿಷಯದಲ್ಲಿ ಕಾರಣ ಇದೆ: ಸೀಟುಗಳ ಲೆಕ್ಕ ನಿಂತಿದ್ದು 1971ರಲ್ಲಿ, ಅಲ್ಲಿಂದೀಚೆಗೆ ಏನು ಬದಲಾಯ್ತು ಅನ್ನೋದೇ ಪ್ರಶ್ನೆ.

6/7
ಓದುವಾಗ ಒಂದು ಕಡೆ ಎಲ್ಲರೂ ಜಾರ್ತಾರೆ. 2001ರಲ್ಲಿ ಕರ್ನಾಟಕದ ಸೂಚ್ಯಂಕ 180.4, 2011ರಲ್ಲಿ 208.5. "ಹತ್ತು ವರ್ಷದಲ್ಲಿ ಶೇಕಡಾ 28 ಬೆಳೆದಿದೆ" ಅಂತ ಹೇಳಿಬಿಡ್ತೀವಿ. ಅಲ್ಲ. ಹೆಚ್ಚಾಗಿದ್ದು 28 ಅಂಕ, ಅದು 1971ರ ನೂರರ ಮೇಲಿನ ಲೆಕ್ಕ. 2001ರಿಂದ ಬೆಳವಣಿಗೆ ಬೇಕಾದರೆ 208.5ನ್ನು 180.4ರಿಂದ ಭಾಗಿಸಬೇಕು. ಬರೋದು 1.156, ಅಂದ್ರೆ ಶೇಕಡಾ 15.6. ಮೇಲೆ 2001ನ್ನ ಆಧಾರ ಮಾಡಿದಾಗ ಬಂದ 115.6 ಇದೇ. ಸೂಚ್ಯಂಕದ ಅಂಕವನ್ನ ನೇರವಾಗಿ ಶೇಕಡಾ ಅಂತ ಓದಬಹುದಾದ್ದು ಆಧಾರ ವರ್ಷದಿಂದ ಎಣಿಸಿದಾಗ ಮಾತ್ರ.

7/7
ಕೊನೆಗೆ ಸೀಟಿನ ವಿಷಯ. ಸೂಚ್ಯಂಕದ ಚಾರ್ಟಿನಲ್ಲಿ ಯಾರು ದೊಡ್ಡವರು ಅನ್ನೋದು ಅಳಿಸಿಹೋಗಿರುತ್ತೆ, ಹಾಗಾಗಿ ಯಾರಿಗೆ ಎಷ್ಟು ಸೀಟು ಅಂತ ಅದು ಹೇಳಲ್ಲ. ಆದರೆ ಒಂದು ವಿಷಯ ಹೇಳುತ್ತೆ. ಇಡೀ ದೇಶದ ಸೂಚ್ಯಂಕವನ್ನೂ ಪಕ್ಕದಲ್ಲಿ ಹಾಕಿದೆ: 1971ರಲ್ಲಿ 100, 2011ರಲ್ಲಿ 220.9. ದೇಶದ ಗೆರೆಗಿಂತ ಮೇಲಿರೋ ರಾಜ್ಯದ ಪಾಲು ಹೆಚ್ಚಿದೆ, ಕೆಳಗಿರೋ ರಾಜ್ಯದ ಪಾಲು ಕಡಿಮೆಯಾಗಿದೆ. ಎಷ್ಟು ಅಂತ ಬೇಕಾದರೆ ರಾಜ್ಯದ್ದನ್ನ ದೇಶದ್ದರಿಂದ ಭಾಗಿಸಿ. ಕರ್ನಾಟಕ 208.5, ಭಾಗ 220.9, ಅಂದ್ರೆ 0.944. ದೇಶದ ನೂರು ಜನರಲ್ಲಿ 1971ರಲ್ಲಿ ನಮ್ಮವರು 5.35 ಇದ್ದರು, 2011ರಲ್ಲಿ 5.05. ಕೇರಳದ್ದು 3.89ರಿಂದ 2.76ಕ್ಕೆ ಇಳಿದಿದೆ. ಬಿಹಾರದ್ದು 7.7ರಿಂದ 8.6ಕ್ಕೆ ಏರಿದೆ.

ಅಂದ್ರೆ 'ನಮಗೇನೂ ನಷ್ಟ ಇಲ್ಲ' ಅಂತ ನಾನು ಹೇಳಿದ್ದಕ್ಕೆ ನನ್ನದೇ ಚಾರ್ಟ್ ಸಾಕ್ಷಿ ಹೇಳ್ತಾ ಇಲ್ಲ. ಹೊಸ ಜನಸಂಖ್ಯೆ ಪ್ರಕಾರ ಹಂಚೋದು ನ್ಯಾಯ ಅಂತ ಈಗಲೂ ವಾದ ಮಾಡಬಹುದು, ಅನ್ಯಾಯ ಅಂತಲೂ ಮಾಡಬಹುದು. ಅದು ಬೇರೆ ಚರ್ಚೆ. ಆದರೆ ಬಿಹಾರ ನಮಗಿಂತ ಕಡಿಮೆ ಬೆಳೆದಿದೆ ಅಂತ ಹೇಳಿಕೊಂಡು ಮಾಡೋಕೆ ಆಗಲ್ಲ.

ಸೋಮವಾರ ಮೇಡಂ ಹತ್ರ ಹೋಗಿ ಹೇಳಿದೆ. ಮುಂದಿನ ಕ್ಲಾಸಿನಲ್ಲಿ ಹತ್ತು ನಿಮಿಷ ಕೊಡ್ತೀನಿ, ಎರಡೂ ಚಾರ್ಟ್ ಪಕ್ಕಪಕ್ಕ ಹಾಕಿ ತೋರಿಸು ಅಂದರು. ಪುಸ್ತಕ ಗೆಳತಿಗೆ ಕೊಟ್ಟೆ, "ಓದಿ ಕೊಡ್ತೀನಿ" ಅಂತ ತೊಗೊಂಡಿದ್ದಾಳೆ. ಮಾವನಿಗೆ ಫೋನ್ ಮಾಡಿದೆ, ಗ್ರೂಪಿನಿಂದ ತೆಗೆದಿದ್ದಾರೆ. ಹಳೇ ಚಾರ್ಟಿನ ಸ್ಕ್ರೀನ್‌ಶಾಟ್ ನಿಮ್ಮ ಹತ್ರ ಇದ್ದರೆ ದಯವಿಟ್ಟು ಅಳಿಸಿ, ಯಾರಿಗಾದರೂ ಕಳಿಸಿದ್ದರೆ ಅವರಿಗೆ ಇದನ್ನ ಕಳಿಸಿ.