52ರಲ್ಲಿ 27 ಹೋದರೆ 35

ಎಐ ಬಂದರೆ ಮಾಸ್ತರರು ಬೇಕಾ? ನಾರಾಯಣಪೇಟೆ ಕಾಲೇಜಿನ ಸೆಮಿನಾರಿಗೆ ಅಕ್ಕನ ಮಗಳು ಭಾಷಣ ಬರೆಯುತ್ತಿದ್ದಾಳೆ. 'ಮಗುವಿನ ತಪ್ಪು ಯಂತ್ರಕ್ಕೆ ತಿಳಿಯದು' ಅನ್ನುವುದು ಮೊದಲ ಸಾಲು. ಅದನ್ನ ಹೊಡೆದು ಹಾಕವ್ವಾ ಅಂದೆ.

52ರಲ್ಲಿ 27 ಕಳೆದು 35 ಅಂತ ಬರೆಯುವ ಹುಡುಗನನ್ನೇ ನೋಡಿ. 2ರಲ್ಲಿ 7 ಹೋಗಲ್ಲವೆಂದು ಅವನು 7ರಲ್ಲೇ 2 ಕಳೆದಿದ್ದಾನೆ. 81ರಲ್ಲಿ 46 ಕಳೆ ಅಂದರೆ 45 ಅಂತಾನೆ. ಇಂಥ ಚಾಳಿ ಪತ್ತೆಹಚ್ಚುವ ಪ್ರೋಗ್ರಾಮಿನ ಬಗ್ಗೆ ಸಂಶೋಧಕರಾದ ಬ್ರೌನ್ ಮತ್ತು ಬರ್ಟನ್ 1978ರಲ್ಲೇ ಬರೆದಿದ್ದರು.

ಪತ್ತೆಯಾದ ಮೇಲೇನು? ಮಕ್ತಲ್, ಕೃಷ್ಣಾ ಕಡೆಯ ಹುಡುಗನಿಗೆ ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು. 'ದಶಕದಿಂದ ಸಾಲ ತಗೋ' ಅಂದರೆ ಪಿಳಿಪಿಳಿ ನೋಡುತ್ತಾನೆ. ಮಾಸ್ತರರು ಹತ್ತರ ಐದು ನೋಟು, ರೂಪಾಯಿಯ ಎರಡು ನಾಣ್ಯ ಅವನ ಕೈಗಿಟ್ಟು '27 ಕೊಡು' ಅನ್ನಲಿ. ಎರಡು ನೋಟು ಕೊಟ್ಟು ತಡವರಿಸುತ್ತಾನೆ: "ಚಿಲ್ಲರ ಸಾಲಂಗಿಲ್ರೀ ಸರ್, ಒಂದು ನೋಟು ಮುರಸಬೇಕು."

ಸಾಲ ತಗೊಳ್ಳುವುದು ಅಂದರೆ ಅದೇ!

ಭಾಷಣ ಇಲ್ಲಿಂದ ಶುರು ಮಾಡು ಅಂದೆ. "ಮಾಮಾ, ಒಬ್ಬರೇ ಮಾಸ್ತರು, ಐದು ಕ್ಲಾಸು. ನೋಟು ಎಣಿಸಾಕ ಟೈಮ್ ಎಲ್ಲಿಂದ ತರ್ತಾರ?" ಅಂದಳು.