ಒಂದೇ ಬೈಗುಳ, ಎರಡು ಅರ್ಥ

ನಿಘಂಟಿನಲ್ಲಿ ಹುಡುಕಿದರೆ ಪೂರ್ಣ ಅರ್ಥ ಸಿಗದ ಪದಗಳು ಕೆಲವು ಇವೆ. 'ಕತ್ತೆ' ಎಂಬುದು ಅವುಗಳಲ್ಲೊಂದು. ಹೊರೆ ಹೊರುವ ಪ್ರಾಣಿ ಎಂದು ನಿಘಂಟು ಹೇಳುತ್ತದೆ; ದಡ್ಡ ಎಂಬ ಇನ್ನೊಂದು ಅರ್ಥವನ್ನೂ ಕೊಡುತ್ತದೆ. ಆದರೆ ಅದೇ ಪದ ಒಬ್ಬನ ಬಾಯಿಂದ ಬಂದಾಗ ನಾವು ನಗುತ್ತೇವೆ, ಇನ್ನೊಬ್ಬನ ಬಾಯಿಂದ ಬಂದಾಗ ರಾತ್ರಿಯಿಡೀ ನಿದ್ರೆ ಕಳೆದುಕೊಳ್ಳುತ್ತೇವೆ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ?

ನಾನು ಬೆಳೆದ ಕೋಲಾರ ಚಿನ್ನದ ಗಣಿಯ ಊರಿನಲ್ಲಿ ಈ ಪದಕ್ಕೆ ನಾಲ್ಕು ರೂಪಗಳಿದ್ದವು. ಮನೆಯೊಳಗಿನ ದಖನಿಯಲ್ಲಿ 'ಗಧಾ', ಪಕ್ಕದ ಸಾಲುಮನೆಯ ತಮಿಳಿನಲ್ಲಿ 'ಕಳುದೆ', ಆಂಡರ್ಸನ್‌ಪೇಟೆಯ ಕಡೆಯಿಂದ ಬರುವ ತೆಲುಗಿನವರಲ್ಲಿ 'ಗಾಡಿದ', ಶಾಲೆಯಲ್ಲಿ 'ಕತ್ತೆ'. ನಾಲ್ಕೂ ಭಾಷೆಗಳ ಮಕ್ಕಳು ಒಂದೇ ಬೀದಿಯಲ್ಲಿ ಆಡುತ್ತಿದ್ದರು. ಯಾವ ಭಾಷೆಯಲ್ಲಿ ಬೈದರು ಎಂಬುದು ನಮಗೆ ಮುಖ್ಯವಾಗಿರಲಿಲ್ಲ. ಹೇಗೆ ಬೈದರು ಎಂಬುದನ್ನು ಮಾತ್ರ ನಾವು ಚೆನ್ನಾಗಿ ಅರಿತಿದ್ದೆವು.

ನನ್ನ ಮಾಮೂ ಗಣಿಯೊಳಗೆ ದುಡಿಯುತ್ತಿದ್ದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೂ ಅವರ ಜೊತೆಗಾರ ಒಬ್ಬ ತಮಿಳು ಮಿತ್ರ. ಅವರು ಮಾಮೂರನ್ನು 'ಕಳುದೆ' ಎನ್ನುತ್ತಿದ್ದರು, ಮಾಮೂ ಅವರನ್ನು 'ಗಧೇ' ಎನ್ನುತ್ತಿದ್ದರು. ಇಪ್ಪತ್ತು ವರ್ಷಗಳ ಕಾಲ ಅದೇ ಅವರ ಸಲಾಮು, ಅದೇ ಅವರ ವಣಕ್ಕಂ. ಚಾಂಪಿಯನ್ ರೀಫ್‌ನ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳದ್ದು. ಅಲ್ಲಿ ಎದುರಿನವನ ನಗು ಕಾಣುವುದೇ ಇಲ್ಲ ಎಂದು ಮಾಮೂ ಹೇಳುತ್ತಿದ್ದರು. ಟೋಪಿಯ ದೀಪ ಹೊತ್ತವನು ನಿಮ್ಮ ಕಡೆ ತಿರುಗಿದರೆ ಕಾಣುವುದು ಕಣ್ಣು ಕುಕ್ಕುವ ಬೆಳಕು ಮಾತ್ರ. ಅದರ ಹಿಂದಿನ ಮುಖ ಕತ್ತಲೆಯಲ್ಲಿರುತ್ತದೆ. ಹಾಗಾಗಿ ಜೊತೆಗಾರ ನಗುತ್ತಿದ್ದಾನೋ ಮುನಿದಿದ್ದಾನೋ ಎಂಬುದನ್ನು ಕಿವಿಯಿಂದಲೇ ತಿಳಿಯಬೇಕಿತ್ತು.

ನಗು ಕಿವಿಗೆ ಕೇಳಿಸುತ್ತದೆಯೇ? ಖಂಡಿತ ಕೇಳಿಸುತ್ತದೆ. ನಗುವಾಗ ತುಟಿಗಳ ಅಂಚು ಹಿಂದಕ್ಕೆ ಸರಿಯುತ್ತದೆ. ಗಂಟಲಿನಿಂದ ತುಟಿಯವರೆಗಿನ ನಾಳ ಸ್ವಲ್ಪ ಗಿಡ್ಡವಾಗುತ್ತದೆ. ಗಿಡ್ಡ ಕೊಳಲಿನ ನಾದ ಹೇಗೆ ತೆಳುವಾಗಿ ಬೆಳಗುವುದೋ ಹಾಗೆಯೇ ಸ್ವರಕ್ಕೂ ಒಂದು ಹೊಳಪು ಬರುತ್ತದೆ. ಫೋನಿನಲ್ಲಿ ಮಾತನಾಡುವ ತಂಗಿಯ ಮುಖ ಕಾಣದಿದ್ದರೂ ಅವಳು ನಗುತ್ತಿರುವುದು ನಮಗೆ ತಿಳಿಯುವುದು ಇದರಿಂದಲೇ.

ಸ್ವರದ ಎಳೆತವೂ ಅಷ್ಟೇ ಮುಖ್ಯ. ಪ್ರೀತಿಯ 'ಗಧೇ' ಎಂಬುದರಲ್ಲಿ ಕೊನೆಯ ಸ್ವರ ಉದ್ದವಾಗುತ್ತದೆ, ಮೇಲಿನಿಂದ ಮೆಲ್ಲಗೆ ಕೆಳಗಿಳಿಯುತ್ತದೆ, ಜೊತೆಗೆ ಸ್ವಲ್ಪ ಉಸಿರೂ ಬೆರೆತಿರುತ್ತದೆ. ಕೋಪದ 'ಗಧೇ'ಯಲ್ಲಿ ಮೊದಲ ಅಕ್ಷರಕ್ಕೇ ಪೆಟ್ಟು ಬೀಳುತ್ತದೆ, ಕೊನೆಯದು ಕತ್ತರಿಸಿದಂತೆ ನಿಲ್ಲುತ್ತದೆ. ಇವೆರಡನ್ನೂ ಮಗು ಸಹ ಗುರುತಿಸಬಲ್ಲದು. ಮೂರನೆಯದು ತಿರಸ್ಕಾರದ ಧ್ವನಿ. ಅದು ಏರುವುದಿಲ್ಲ, ಇಳಿಯುವುದಿಲ್ಲ. ಅಂಗಡಿಯವನು ಸಾಮಾನಿನ ಬೆಲೆ ಹೇಳಿದಂತೆ ಸಮತಟ್ಟಾಗಿ ಬರುತ್ತದೆ. ಕೋಪದಿಂದ ಬೈದವನು ನಮ್ಮನ್ನು ಎದುರಾಳಿ ಎಂದಾದರೂ ಎಣಿಸಿರುತ್ತಾನೆ. ತಿರಸ್ಕಾರದಿಂದ ಬೈದವನು ಅಷ್ಟನ್ನೂ ಎಣಿಸಿರುವುದಿಲ್ಲ.

ಮಾಮೂ ಹೇಳಿದ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ಉಳಿದಿದೆ. ಅವರ ಜೊತೆಗಾರ ನಿಜವಾಗಿ ಮುನಿಸಿಕೊಂಡ ದಿನ 'ಕಳುದೆ' ಎನ್ನುತ್ತಿರಲಿಲ್ಲವಂತೆ. 'ಬಾಯ್, ನೀಂಗ ಸೊಲ್ಲುಂಗ' ಎಂದು ಬಹುವಚನದಲ್ಲಿ, ತಣ್ಣಗೆ, ಗೌರವದಿಂದ ಮಾತನಾಡುತ್ತಿದ್ದರಂತೆ. ಆ ದಿನ ಮಾಮೂರಿಗೆ ಊಟ ಸೇರುತ್ತಿರಲಿಲ್ಲ. ಮರುದಿನ ಮತ್ತೆ 'ಏಯ್ ಕಳುದೆ' ಎಂಬ ಕೂಗು ಕೇಳಿದಾಗಲೇ ಸಮಾಧಾನ. ಬೈಗುಳ ಅಲ್ಲಿ ಕ್ಷಮೆಯ ಮಾತಾಗಿತ್ತು, ಗೌರವದ ಮಾತು ಮುನಿಸಾಗಿತ್ತು.

ಗಣಿ ಮುಚ್ಚಿದ ನಂತರ ನಮ್ಮೂರಿನ ಅನೇಕರಂತೆ ಮಾಮೂ ಕೂಡ ಮಾರಿಕುಪ್ಪಂನಿಂದ ಬಂಗಾರಪೇಟೆಗೆ ಹೋಗುವ ರೈಲು ಹತ್ತಿದರು. ಹಲವರು ಅಲ್ಲಿಂದ ಬೆಂಗಳೂರಿಗೆ ಹೋದರೆ, ಮಾಮೂ ಬಂಗಾರಪೇಟೆಯಲ್ಲೇ ಇಳಿದು ಒಂದು ಅಂಗಡಿಯಲ್ಲಿ ದಿನಗೂಲಿಗೆ ನಿಂತರು. ಮಾಲೀಕರು ವಯಸ್ಸಿನಲ್ಲಿ ಚಿಕ್ಕವರು. ಒಂದು ದಿನ ಗಿರಾಕಿಗಳ ಮುಂದೆ ಮಾಮೂ ತಪ್ಪು ಮೂಟೆ ತಂದಿಟ್ಟರು. ಮಾಲೀಕರು ಗಿರಾಕಿಗಳ ಕಡೆ ನೋಡಿ, ನಗುತ್ತಾ, 'ನಮ್ಮ ಗಧಾ ಬೇರೆ ಮೂಟೆ ಹೊತ್ತು ತಂದಿದೆ' ಎಂದರು. ಎಲ್ಲರೂ ನಕ್ಕರು. ಮಾಮೂ ಮೂಟೆಯನ್ನು ಅದರ ಜಾಗಕ್ಕೆ ಮರಳಿಸಿ, ಕೈ ಒರೆಸಿಕೊಂಡು, ಸಂಜೆಯ ರೈಲಿಗೆ ಊರಿಗೆ ಬಂದರು. ಮತ್ತೆ ಆ ಅಂಗಡಿಗೆ ಹೋಗಲಿಲ್ಲ. 'ನಾನು ನಗುತ್ತಲೇ ಹೇಳಿದ್ದಲ್ಲವೇ? ಇದಕ್ಕೆಲ್ಲ ಕೆಲಸ ಬಿಡುವುದೇ?' ಎಂದು ಮಾಲೀಕರು ಹೇಳಿ ಕಳುಹಿಸಿದರಂತೆ. ಮನೆಯಲ್ಲಿ ಆಗ ಎರಡು ಹೊತ್ತಿನ ಅಡುಗೆಗೂ ಕಷ್ಟವಿತ್ತು. ಮಾಮಿ ಏನನ್ನೂ ಕೇಳಲಿಲ್ಲ.

ಅದೇ ಪದ, ಅದರ ಜೊತೆ ನಗುವೂ ಇತ್ತು. ಹಾಗಾದರೆ ಅದು ಏಕೆ ಚುಚ್ಚಿತು? ಮೊದಲನೆಯದಾಗಿ, ಆ ನಗು ಮಾಮೂರ ಕಡೆ ತಿರುಗಿರಲಿಲ್ಲ, ಗಿರಾಕಿಗಳ ಕಡೆ ತಿರುಗಿತ್ತು. ಸ್ನೇಹದ ನಗು ಬೈಸಿಕೊಂಡವನನ್ನು ನೋಡುತ್ತದೆ. ಅಪಹಾಸ್ಯದ ನಗು ಪ್ರೇಕ್ಷಕರನ್ನು ನೋಡುತ್ತದೆ. ಎರಡನೆಯದಾಗಿ, ಮಾಮೂ ಅದೇ ಪದವನ್ನು ಹಿಂದಿರುಗಿಸುವಂತಿರಲಿಲ್ಲ. ಗಣಿಯ ಜೊತೆಗಾರನಿಗೆ ಅವರು ಮರುಕ್ಷಣವೇ 'ಗಧೇ' ಎನ್ನಬಹುದಿತ್ತು. ಮಾಲೀಕನಿಗೆ ಹಾಗೆನ್ನಲು ಸಾಧ್ಯವೇ? ಮರಳಿ ಕೊಡಲಾಗದ ತಮಾಷೆ ತಮಾಷೆಯಾಗಿ ಉಳಿಯುವುದಿಲ್ಲ. ಮೂರನೆಯದು ಕಣ್ಣುಗಳು. 19ನೇ ಶತಮಾನದ ಫ್ರೆಂಚ್ ವೈದ್ಯ ಡುಷೇನ್ ಮುಖದ ಸ್ನಾಯುಗಳನ್ನು ಪರೀಕ್ಷಿಸಿ ಒಂದು ವಿಷಯ ಗುರುತಿಸಿದರು: ತುಟಿಯನ್ನು ಇಷ್ಟ ಬಂದಾಗ ಅರಳಿಸಬಹುದು, ಆದರೆ ನಿಜವಾದ ಸಂತೋಷದಲ್ಲಿ ಕಣ್ಣಿನ ಸುತ್ತಲಿನ ಸ್ನಾಯುವೂ ಕುಗ್ಗುತ್ತದೆ, ಅದನ್ನು ಬೇಕೆಂದು ಕುಗ್ಗಿಸುವುದು ಬಹಳ ಮಂದಿಗೆ ಕಷ್ಟ. 'ಅವರ ಹಲ್ಲು ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ' ಎಂದು ಮಾಮೂ ಹೇಳಿದ್ದೂ ಇದನ್ನೇ. ಅವರು ಡುಷೇನನ ಹೆಸರು ಕೇಳಿದವರಲ್ಲ.

ಇಸ್ಲಾಮಿನ ಇತಿಹಾಸದಲ್ಲಿ ಒಂದೇ ಮಾತು ಎರಡು ಬಾಯಿಗಳಲ್ಲಿ ಎರಡು ಅರ್ಥ ಪಡೆದ ಸ್ಪಷ್ಟ ಉದಾಹರಣೆ ಹಝ್ರತ್ ಅಲೀ(ರ)ರ ಬದುಕಿನಲ್ಲಿದೆ. ಒಮ್ಮೆ ಪ್ರವಾದಿ ಮುಹಮ್ಮದ್(ಸ)ರು ಮಗಳು ಫಾತಿಮಾ(ರ)ರ ಮನೆಗೆ ಬಂದಾಗ ಅಲೀ(ರ) ಅಲ್ಲಿರಲಿಲ್ಲ. ಪತಿ ಪತ್ನಿಯ ನಡುವೆ ಏನೋ ಮಾತಾಗಿ ಅವರು ಮುನಿದು ಹೊರಟುಹೋಗಿದ್ದರು. ಪ್ರವಾದಿ(ಸ)ರು ಮಸ್ಜಿದಿಗೆ ಹೋದರು. ಅಳಿಯ ನೆಲದ ಮೇಲೆ ಮಲಗಿದ್ದರು, ಹೊದಿಕೆ ಜಾರಿತ್ತು, ಮೈಗೆ ಮಣ್ಣು ಅಂಟಿತ್ತು. ಪ್ರವಾದಿ(ಸ)ರು ತಮ್ಮ ಕೈಯಿಂದಲೇ ಆ ಮಣ್ಣನ್ನು ಒರೆಸುತ್ತಾ, 'ಅಬೂ ತುರಾಬ್' ಎಂದು ಕರೆದು ಅವರನ್ನು ಎಬ್ಬಿಸಿದರು. ಅಬೂ ತುರಾಬ್ ಎಂದರೆ ಮಣ್ಣಿನ ತಂದೆ, ಮಣ್ಣಿನವ. ಮಗಳ ಜೊತೆ ಮುನಿಸಿಕೊಂಡು ಬಂದ ಅಳಿಯನಿಗೆ ಮಾವ ಹೇಳಿದ ಮಾತು ಇದು ಎಂಬುದನ್ನು ಯೋಚಿಸಿ ನೋಡಿ. ಮಣ್ಣು ಒರೆಸುತ್ತಿದ್ದ ಆ ಕೈಯೇ ಪದದ ಅರ್ಥವನ್ನು ನಿರ್ಧರಿಸಿತು.

ವರ್ಷಗಳ ನಂತರ, ಮರ್ವಾನನ ವಂಶದ ಒಬ್ಬರು ಮದೀನಾದ ಅಧಿಕಾರಿಯಾಗಿದ್ದಾಗ, ಸಹ್ಲ್ ಬಿನ್ ಸಅದ್(ರ) ಎಂಬ ಸಹಾಬಿಯನ್ನು ಕರೆಸಿ ಅಲೀ(ರ)ರನ್ನು ನಿಂದಿಸಲು ಹೇಳಿದರು. ಸಹ್ಲ್(ರ) ಒಪ್ಪಲಿಲ್ಲ. ಹಾಗಾದರೆ ಅಬೂ ತುರಾಬನನ್ನಾದರೂ ಶಪಿಸು ಎಂದು ಅಧಿಕಾರಿ ಹೇಳಿದರು. ಅಲೀ(ರ)ರಿಗೆ ಅದಕ್ಕಿಂತ ಪ್ರಿಯವಾದ ಹೆಸರು ಬೇರೊಂದು ಇರಲಿಲ್ಲ, ಹಾಗೆ ಕರೆದರೆ ಅವರು ಸಂತೋಷಪಡುತ್ತಿದ್ದರು ಎಂದು ಸಹ್ಲ್(ರ) ಉತ್ತರಿಸಿ, ಮಸ್ಜಿದಿನ ಆ ಘಟನೆಯನ್ನು ವಿವರಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿ ಇದು ದಾಖಲಾಗಿದೆ. ಅಧಿಕಾರಿಯ ನಾಲಗೆಯಲ್ಲಿ ಹೀನಾಯವಾಗಿದ್ದ ಹೆಸರು ಅಲೀ(ರ)ರ ಕಿವಿಯಲ್ಲಿ ಪ್ರವಾದಿ(ಸ)ರ ಧ್ವನಿಯಾಗಿ ಉಳಿದಿತ್ತು. ಅಕ್ಷರಗಳು ಒಂದಿಷ್ಟೂ ಬದಲಾಗಿರಲಿಲ್ಲ.

ಇದನ್ನು ಕೇಳಿ ಕೆಲವರು, ಪ್ರೀತಿಯಿಂದ ಹೇಳಿದರೆ ಏನು ಬೇಕಾದರೂ ಹೇಳಬಹುದು ಎಂದು ತಿಳಿಯಬಹುದು. ಪವಿತ್ರ ಕುರ್‌ಆನಿನ ಸೂರಃ ಅಲ್ ಹುಜುರಾತ್‌ನ 11ನೇ ಸೂಕ್ತ ಆ ಬಾಗಿಲನ್ನು ಮುಚ್ಚುತ್ತದೆ. ಒಂದು ಗುಂಪು ಇನ್ನೊಂದನ್ನು ಅಪಹಾಸ್ಯ ಮಾಡಬಾರದು, ಅಡ್ಡಹೆಸರುಗಳಿಂದ ಕರೆಯಬಾರದು ಎಂದು ಅದು ವಿಶ್ವಾಸಿಗಳಿಗೆ ಆದೇಶಿಸುತ್ತದೆ. ಅಲೀ(ರ) ಆ ಹೆಸರನ್ನು ಇಷ್ಟಪಟ್ಟಿದ್ದರು ಎಂಬುದೇ ಇಲ್ಲಿ ಮುಖ್ಯ ಅಂಶ. ಅಡ್ಡಹೆಸರು ಪ್ರೀತಿಯದೋ ಕೀಳಾದದ್ದೋ ಎಂದು ತೀರ್ಮಾನಿಸುವವನು ಕರೆಯುವವನಲ್ಲ, ಕರೆಸಿಕೊಳ್ಳುವವನು. 'ನಾನು ತಮಾಷೆಗೆ ಹೇಳಿದೆ' ಎಂಬ ವಾದಕ್ಕೆ ಎದುರಿನವನು ನಕ್ಕಿದ್ದಾನೆ ಎಂಬುದೊಂದೇ ಸಾಕ್ಷ್ಯ. ಆ ನಗುವನ್ನೂ ಸ್ವಲ್ಪ ಪರೀಕ್ಷಿಸಬೇಕು. ಬಲಶಾಲಿಯ ಮುಂದೆ ದುರ್ಬಲನು ಭಯದಿಂದ ನಗುತ್ತಾನೆ. ಹೊಸದಾಗಿ ಬಂದ ಸೊಸೆ ಅತ್ತೆ ನಾದಿನಿಯರ ಮುಂದೆ ಸಂಕೋಚದಿಂದ ನಗುತ್ತಾಳೆ. ಅಂಥ ನಗು ತಡವಾಗಿ ಬರುತ್ತದೆ, ಬೇಗ ಆರುತ್ತದೆ, ಆ ಬಳಿಕ ಅವರ ಮಾತು ಕಡಿಮೆಯಾಗುತ್ತದೆ.

ಇಂದು ಈ ಪರೀಕ್ಷೆ ಇನ್ನೂ ಕಷ್ಟವಾಗಿದೆ. ನಮ್ಮ ಊರಿನ ಮಕ್ಕಳು ಬೆಂಗಳೂರಿನಲ್ಲೋ ಗಲ್ಫ್‌ನಲ್ಲೋ ಇದ್ದಾರೆ. ಕುಟುಂಬದ ಮಾತುಕತೆ ವಾಟ್ಸ್‌ಆ್ಯಪ್‌ನಲ್ಲಿ ನಡೆಯುತ್ತದೆ. ಅಣ್ಣ ಬರೆದು ಕಳುಹಿಸಿದ 'ಗಧೇ' ಎಂಬ ಪದಕ್ಕೆ ಎಳೆತವಿಲ್ಲ, ಉಸಿರಿಲ್ಲ, ಕಣ್ಣಿಲ್ಲ. ಓದುವ ತಮ್ಮ ಆ ಖಾಲಿ ಜಾಗಕ್ಕೆ ತನ್ನ ಮನಸ್ಸಿನ ಧ್ವನಿಯನ್ನೇ ತುಂಬುತ್ತಾನೆ. ಅವನು ದಣಿದಿದ್ದರೆ, ಸಾಲದಲ್ಲಿದ್ದರೆ, ಮೊದಲೇ ಮುನಿದಿದ್ದರೆ, ಅಣ್ಣನ ತಮಾಷೆ ತಿರಸ್ಕಾರವಾಗಿ ಕೇಳಿಸುತ್ತದೆ. ಪಕ್ಕದಲ್ಲಿ ಅಂಟಿಸಿದ ನಗುವ ಚಿತ್ರ ಅಂಗಡಿ ಮಾಲೀಕರ ಹಲ್ಲಿನಂತೆಯೇ ಕಾಣಬಹುದು. ಅದರ ಮೇಲೆ, ಗುಂಪಿನಲ್ಲಿ ಬರೆದದ್ದನ್ನು ಮೂವತ್ತು ಜನ ನೋಡುತ್ತಾರೆ. ಅಂದರೆ ಪ್ರೇಕ್ಷಕರು ಆಗಲೇ ಸೇರಿದ್ದಾರೆ. ಆದ್ದರಿಂದ ನಮ್ಮ ಮನೆಯಲ್ಲಿ ಒಂದು ನಿಯಮವಿದೆ: ತಮಾಷೆಯ ಬೈಗುಳವನ್ನು ಬರೆಯುವುದಿಲ್ಲ. ಹೇಳಲೇಬೇಕಿದ್ದರೆ ಫೋನ್ ಮಾಡಿ, ಅಥವಾ ಧ್ವನಿ ಮುದ್ರಿಸಿ, ಅವನೊಬ್ಬನಿಗೇ ಕಳುಹಿಸುತ್ತೇವೆ.

ಬಾಯಿಂದ ಹೊರಟ ಪದಕ್ಕೆ ಎದುರಿನವರ ಮುಖ ಬಾಡಿದರೆ ಏನು ಮಾಡಬೇಕು? 'ಇಷ್ಟಕ್ಕೇ ಬೇಸರವೇ?' ಎಂದು ಕೇಳುವುದು ಎರಡನೆಯ ಬೈಗುಳವಾಗುತ್ತದೆ. ಅದೇ ಸೂಕ್ತ ಪಶ್ಚಾತ್ತಾಪ ಪಡದವರನ್ನು ಅಕ್ರಮಿಗಳೆಂದು ಕರೆದು ಮುಗಿಯುತ್ತದೆ. ಆ ಕ್ಷಣವೇ ಪದವನ್ನು ಹಿಂತೆಗೆದುಕೊಂಡು, ನಾಲ್ಕು ಜನರ ಮುಂದೆ ಹೇಳಿದ್ದರೆ ಅದೇ ನಾಲ್ಕು ಜನರ ಮುಂದೆ ಕ್ಷಮೆ ಕೇಳುವುದು ಪಶ್ಚಾತ್ತಾಪದ ಮೊದಲ ಹೆಜ್ಜೆ. ಬಂಗಾರಪೇಟೆಯ ಆ ಮಾಲೀಕರು ಕೆಲಸಕ್ಕೆ ಮರಳಿ ಬಾ ಎಂದು ಹೇಳಿಕಳುಹಿಸಿದ್ದರು. ಅವರೇ ಬಂದು, ಗಿರಾಕಿಗಳ ಮುಂದೆ 'ಭಾಯಿ' ಎಂದು ಒಮ್ಮೆ ಕರೆದಿದ್ದರೆ ಸಾಕಿತ್ತು, ಮಾಮೂ ಮರುದಿನವೇ ಆ ರೈಲು ಹತ್ತುತ್ತಿದ್ದರು.